ಹಣ ಒಂದು ಕಡೆ, ಭಾವ ಇನ್ನೊಂದು ಕಡೆ: ಬುಕ್ಕಿಯ ಲೆಕ್ಕ ನಡೆಯುವ ಬಗೆ

ಐಪಿಎಲ್ ಶುರುವಾಯಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪತ್ರಿಕಾ ಪುಟಗಳಲ್ಲಿ ಒಂದೇ ಅಚ್ಚಿನ ಸುದ್ದಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಯಾವುದೋ ಲಾಡ್ಜಿನ ಮೇಲೋ ಹೊಲದ ಶೆಡ್ಡಿನ ಮೇಲೋ ಪೊಲೀಸರ ದಾಳಿ, ಮುಂದೆ ಸಾಲಾಗಿ ಜೋಡಿಸಿಟ್ಟ ಮೊಬೈಲುಗಳು, ಒಂದಿಷ್ಟು ನಗದು, ಲೆಕ್ಕ ಬರೆದ ನೋಟ್‌ಬುಕ್. ಅದರ ಬೆನ್ನಿಗೇ ಚಹಾದಂಗಡಿಗಳಲ್ಲೂ ಮೊಬೈಲುಗಳಲ್ಲೂ ಇನ್ನೊಂದು ಮಾತು ಹರಿದಾಡುತ್ತದೆ: ಊರಿಗೆ ಊರೇ ಬೆಂಗಳೂರಿನ ಮೇಲೆ ಹಣ ಕಟ್ಟಿತ್ತು, ಆದರೂ ಮಧ್ಯಾಹ್ನದಿಂದ ಭಾವ ಎದುರಾಳಿಯ ಕಡೆ ವಾಲಿತು, ಕೊನೆಗೆ ಬೆಂಗಳೂರು ಸೋತಿತು, ಆದ್ದರಿಂದ ಪಂದ್ಯ ಮೊದಲೇ ಫಿಕ್ಸ್ ಆಗಿತ್ತು.

ಈ ತರ್ಕದ ಅಡಿಪಾಯದಲ್ಲಿ ಒಂದು ನಂಬಿಕೆ ಇದೆ. ಬುಕ್ಕಿಯೆಂದರೆ ತಕ್ಕಡಿ ಹಿಡಿದವನು, ಯಾವ ಕಡೆ ಹಣ ಹೆಚ್ಚು ಬೀಳುತ್ತದೆಯೋ ಆ ಕಡೆಯ ಭಾವ ಇಳಿಸಿ, ಎರಡೂ ತಟ್ಟೆ ಸಮ ಮಾಡಿ, ನಡುವಿನ ದಲ್ಲಾಳಿತನವನ್ನಷ್ಟೇ ಜೇಬಿಗಿಳಿಸುತ್ತಾನೆ ಎಂಬುದು ಆ ನಂಬಿಕೆ. ಅದು ನಿಜವಾಗಿದ್ದರೆ ಹಣ ಒಂದು ಕಡೆ ಹರಿದು ಭಾವ ಇನ್ನೊಂದು ಕಡೆ ಹೋಗುವುದು ಅನುಮಾನಕ್ಕೆ ಎಡೆಯಾಗಲೇಬೇಕು. ಆದರೆ ಬುಕ್ಕಿಗಳು ಸಾಮಾನ್ಯವಾಗಿ ಸರಿದೂಗಿಸುವುದು ಹಣವನ್ನಲ್ಲ, ಅಪಾಯವನ್ನು. ಇವೆರಡರ ನಡುವಿನ ಅಂತರ ತಿಳಿಯದೆ ಭಾವದ ಏರಿಳಿತವನ್ನು ಓದಲು ಹೋದರೆ ತಪ್ಪು ತೀರ್ಮಾನಕ್ಕೆ ಬರುವುದೇ ಹೆಚ್ಚು.

ಸಮ ಹಣ ಎಂದರೆ ಸಮತೋಲನವಲ್ಲ

ಮೊದಲು ಭಾವವನ್ನು ಓದುವ ಕ್ರಮ. ಒಂದು ತಂಡಕ್ಕೆ 83 ಪೈಸೆ ಭಾವ ಎಂದರೆ, ಅದರ ಮೇಲೆ 1 ರೂಪಾಯಿ ಕಟ್ಟಿದವನಿಗೆ ತಂಡ ಗೆದ್ದರೆ ಕಟ್ಟಿದ ರೂಪಾಯಿಯ ಜೊತೆಗೆ 83 ಪೈಸೆ ಸಿಗುತ್ತದೆ. ಭಾವ ಇಳಿದಷ್ಟೂ ಆ ತಂಡ ಗೆಲ್ಲುವ ಸಂಭವ ಹೆಚ್ಚು ಎಂದು ಅರ್ಥ. ಬಜಾರಿನಲ್ಲಿ ಬೇಡಿಕೆ ಹೆಚ್ಚಿದರೆ ಭಾವ ಏರುತ್ತದೆ, ಇಲ್ಲಿ ಇಳಿಯುತ್ತದೆ. ಮೊದಲ ಗೊಂದಲ ಹುಟ್ಟುವುದೇ ಇಲ್ಲಿ.

ಒಂದು ತಂಡ ಬಹಳ ಬಲಿಷ್ಠ, ಇನ್ನೊಂದು ದುರ್ಬಲ ಎಂದು ಇಟ್ಟುಕೊಳ್ಳೋಣ. ಬಲಿಷ್ಠ ತಂಡಕ್ಕೆ 25 ಪೈಸೆ, ದುರ್ಬಲ ತಂಡಕ್ಕೆ 2 ರೂಪಾಯಿ 80 ಪೈಸೆ ಭಾವ. ಎರಡರ ಮೇಲೂ ತಲಾ 1 ಲಕ್ಷ ರೂಪಾಯಿ ಬಂದರೆ ಹಣವೇನೋ ಸಮವಾಯಿತು. ಆದರೆ ಬಲಿಷ್ಠ ತಂಡ ಗೆದ್ದರೆ ಬುಕ್ಕಿಗೆ 75 ಸಾವಿರ ಉಳಿಯುತ್ತದೆ, ದುರ್ಬಲ ತಂಡ ಗೆದ್ದರೆ 2.8 ಲಕ್ಷ ಕೊಟ್ಟು 1 ಲಕ್ಷ ಪಡೆದು 1.8 ಲಕ್ಷ ಕಳೆದುಕೊಳ್ಳುತ್ತಾನೆ. ಇಲ್ಲಿ ನಿಜವಾದ ಸಮತೋಲನ ಬರಬೇಕಾದರೆ ದುರ್ಬಲ ತಂಡದ 1 ಲಕ್ಷಕ್ಕೆ ಎದುರಾಗಿ ಬಲಿಷ್ಠ ತಂಡದ ಮೇಲೆ 3 ಲಕ್ಷದ 4 ಸಾವಿರ ಇರಬೇಕು. ಆಗ ಯಾರೇ ಗೆದ್ದರೂ 24 ಸಾವಿರ ಉಳಿಯುತ್ತದೆ.

ಆದ್ದರಿಂದ ಬುಕ್ಕಿಯ ನೋಟ್‌ಬುಕ್ಕಿನಲ್ಲಿ ನೋಡಬೇಕಾದದ್ದು ಯಾವ ಕಡೆ ಎಷ್ಟು ಬಂತು ಎಂಬುದನ್ನಲ್ಲ, ಈ ತಂಡ ಗೆದ್ದರೆ ಕೈಯಿಂದ ಎಷ್ಟು ಹೋಗುತ್ತದೆ, ಆ ತಂಡ ಗೆದ್ದರೆ ಎಷ್ಟು ಬರುತ್ತದೆ ಎಂಬ ಎರಡು ಅಂಕಿಗಳನ್ನು. ಈ ಪೈಕಿ ಕೈಯಿಂದ ಹೋಗುವ ಅಂಕಿಯೇ ಅವನ ಬಾಧ್ಯತೆ. ಪ್ರತಿ ಬಾಜಿ ಬರೆದುಕೊಂಡಾಗಲೂ ಬದಲಾಗುವುದು ಇದೇ.

ಆರಂಭಿಕ ಭಾವ ಎಲ್ಲಿಂದ ಬರುತ್ತದೆ

ಆರಂಭಿಕ ಭಾವ ಹಾಕುವವನ ಮುಂದೆ ಇನ್ನೂ ಹಣವೇ ಬಂದಿರುವುದಿಲ್ಲ, ಆದ್ದರಿಂದ ಅಲ್ಲಿ ಸರಿದೂಗಿಸುವ ಮಾತೇ ಇಲ್ಲ. ಅವನಿಗೆ ಬೇಕಿರುವುದು ಸಂಭವದ ಒಂದು ಅಂದಾಜು. ತಂಡಗಳ ಬಲಾಬಲ, ಮೈದಾನ, ಸಂಜೆಯ ಇಬ್ಬನಿ, ಗಾಯಾಳುಗಳು ಮುಂತಾದುವನ್ನು ಲೆಕ್ಕಕ್ಕೆ ಹಿಡಿದು, ಈ ಪಂದ್ಯ ನೂರು ಸಲ ನಡೆದರೆ ಬೆಂಗಳೂರು 52 ಸಲ ಗೆದ್ದೀತು ಎಂದು ಅವನು ತೀರ್ಮಾನಿಸಿದ ಎಂದುಕೊಳ್ಳೋಣ. ಲಾಭವೂ ಇಲ್ಲದ ನಷ್ಟವೂ ಇಲ್ಲದ ನ್ಯಾಯವಾದ ಭಾವ ಆಗ ಬೆಂಗಳೂರಿಗೆ ಸುಮಾರು 92 ಪೈಸೆ, ಎದುರಾಳಿಗೆ ಸುಮಾರು 1 ರೂಪಾಯಿ 8 ಪೈಸೆ. ಬುಕ್ಕಿ ಎರಡನ್ನೂ ಒಂದಿಷ್ಟು ಕತ್ತರಿಸಿ 83 ಮತ್ತು 98 ಪೈಸೆ ಎಂದು ತೆರೆಯುತ್ತಾನೆ. ಈ ಕತ್ತರಿಸಿದ ಭಾಗವೇ ಅವನ ಮಾರ್ಜಿನ್.

ಅಂದಾಜು ತಪ್ಪಿರಬಹುದೆಂಬ ಅರಿವು ಅವನಿಗೂ ಇರುತ್ತದೆ. ಆದ್ದರಿಂದ ಆರಂಭದಲ್ಲಿ ಒಬ್ಬರಿಂದ ಸಣ್ಣ ಮೊತ್ತವನ್ನು ಮಾತ್ರ ತೆಗೆದುಕೊಳ್ಳುವ ಮಿತಿ ಹಾಕಿರುತ್ತಾನೆ. ಆ ಸಣ್ಣ ಮಿತಿಯೊಳಗೆ ಬಂದು ಮೊದಲು ಕಟ್ಟುವವರು ಸಾಮಾನ್ಯವಾಗಿ ಅಭಿಮಾನಿಗಳಲ್ಲ, ಲೆಕ್ಕ ಬಲ್ಲ ಪಳಗಿದ ಪಂಟರುಗಳು. ಅವರಿಗೆ ಸೋಲುವ ಹತ್ತು ಸಾವಿರ ರೂಪಾಯಿಯನ್ನು ಬುಕ್ಕಿ ಒಂದು ಬಗೆಯ ಸಲಹಾ ಶುಲ್ಕವೆಂದೇ ಎಣಿಸುತ್ತಾನೆ. ಅವರು ಕಟ್ಟಿದ ಕಡೆಗೆ ಭಾವ ತಿದ್ದುತ್ತಾನೆ, ತಿದ್ದಿದ ಭಾವಕ್ಕೆ ಅವರು ಸುಮ್ಮನಾದರೆ ಮಿತಿ ಹೆಚ್ಚಿಸುತ್ತಾನೆ. ಪಂದ್ಯದ ಹೊತ್ತಿಗೆ ಲಕ್ಷಗಟ್ಟಲೆ ಹಣ ಬರುವಾಗ ಭಾವ ಹೀಗೆ ಹಲವು ಕೈಗಳಲ್ಲಿ ಸೋಸಿ ಬಂದಿರುತ್ತದೆ. 1970 ಮತ್ತು 80ರ ದಶಕಗಳಲ್ಲಿ ಲಾಸ್ ವೇಗಸ್‌ನ ಸ್ಟಾರ್‌ಡಸ್ಟ್ ಕ್ಯಾಸಿನೋ ಎಲ್ಲರಿಗಿಂತ ಮೊದಲು ಭಾವ ಹಚ್ಚುವುದಕ್ಕೆ ಹೆಸರಾಗಿತ್ತು. ಅಲ್ಲಿನ ಭಾವಕ್ಕೆ ಪಳಗಿದವರು ಹೊಡೆದು ಮುಗಿಸುವವರೆಗೆ ಕಾದು, ಆಮೇಲೆ ತಮ್ಮ ಭಾವ ಹಚ್ಚುವುದು ಇತರ ಬುಕ್ಕಿಗಳ ರೂಢಿಯಾಗಿತ್ತು.

ನಮ್ಮ ತಾಲ್ಲೂಕು ಮಟ್ಟದ ಬುಕ್ಕಿ ಈ ಕೆಲಸ ಯಾವುದನ್ನೂ ಮಾಡುವುದಿಲ್ಲ. ಅವನಿಗೆ ಭಾವ ಬರುವುದು ಮೇಲಿನವರ ಫೋನ್ ಲೈನಿನಿಂದ ಇಲ್ಲವೇ ವಿದೇಶಿ ಬಾಜಿಕಟ್ಟೆಗಳ ಪರದೆಯಿಂದ. ಭಾವ ಅವನದಲ್ಲ, ಆದರೆ ಅದರ ಮೇಲೆ ಬರೆದುಕೊಂಡ ಬಾಧ್ಯತೆ ಮಾತ್ರ ಪೂರ್ತಿ ಅವನದು.

ಹದಿಮೂರು ಲಕ್ಷದ ಒಂದು ಸಂಜೆ

ಈಗ ಇದೇ ಪಂದ್ಯವನ್ನು ಮುಂದುವರಿಸೋಣ. ಈ ಭಾಗದಲ್ಲಿ ಹಣ ಎತ್ತ ಹರಿಯುತ್ತದೆ ಎಂದು ಊಹಿಸಲು ಪಂಡಿತರೇನೂ ಬೇಕಿಲ್ಲ. 83 ಪೈಸೆ ಭಾವದಲ್ಲಿ ಬೆಂಗಳೂರಿನ ಮೇಲೆ 10 ಲಕ್ಷ, 98 ಪೈಸೆ ಭಾವದಲ್ಲಿ ಎದುರಾಳಿಯ ಮೇಲೆ 3 ಲಕ್ಷ ಬಂದಿದೆ ಎನ್ನಿ. ಬೆಂಗಳೂರು ಗೆದ್ದರೆ ಬುಕ್ಕಿ 8.3 ಲಕ್ಷ ಕೊಟ್ಟು 3 ಲಕ್ಷ ಪಡೆಯುತ್ತಾನೆ, ಅಂದರೆ 5.3 ಲಕ್ಷ ನಷ್ಟ. ಎದುರಾಳಿ ಗೆದ್ದರೆ 10 ಲಕ್ಷ ಪಡೆದು 2.94 ಲಕ್ಷ ಕೊಡುತ್ತಾನೆ, ಅಂದರೆ 7.06 ಲಕ್ಷ ಲಾಭ.

ಪುಸ್ತಕ, ಅಂದರೆ ಬರೆದುಕೊಂಡ ಬಾಜಿಗಳ ಒಟ್ಟು ಲೆಕ್ಕ, ಪೂರಾ ಒಂದೇ ಕಡೆ ವಾಲಿದೆ. ತಕ್ಕಡಿಯ ನಂಬಿಕೆಯ ಪ್ರಕಾರ ಅವನು ಗಾಬರಿಯಾಗಬೇಕು. ಆದರೆ 52ಕ್ಕೆ 48ರ ಅಂದಾಜು ಸರಿಯಿದ್ದರೆ, ಇಂಥ ಪುಸ್ತಕದಿಂದ ಸರಾಸರಿಯಲ್ಲಿ ಅವನಿಗೆ ಸುಮಾರು 63 ಸಾವಿರ ರೂಪಾಯಿ ಉಳಿಯುತ್ತದೆ. ಯಾಕೆಂದರೆ ಎರಡೂ ಕಡೆಯವರು ನ್ಯಾಯವಾದ ಭಾವಕ್ಕಿಂತ ಕಡಿಮೆ ಭಾವಕ್ಕೆ ಕಟ್ಟಿದ್ದಾರೆ. ವಾಲಿದ ಪುಸ್ತಕ ನಷ್ಟದ ಪುಸ್ತಕವಲ್ಲ, ಏರಿಳಿತ ಹೆಚ್ಚಿರುವ ಲಾಭದ ಪುಸ್ತಕ.

ಈಗ ಅವನು ಸರಿದೂಗಿಸಲು ಹೊರಟರೆ ಏನಾಗುತ್ತದೆ? ಎದುರಾಳಿಯ ಭಾವವನ್ನು 98ರಿಂದ 1 ರೂಪಾಯಿ 6 ಪೈಸೆಗೆ ಏರಿಸಿ, ಆ ಭಾವಕ್ಕೆ ಇನ್ನೂ 6 ಲಕ್ಷ ಬಂದರೆ ಲೆಕ್ಕ ನಿಖರವಾಗಿ ಕೂಡುತ್ತದೆ. ಆಗ ಯಾರೇ ಗೆದ್ದರೂ 70 ಸಾವಿರ ಉಳಿಯುತ್ತದೆ. 1 ರೂಪಾಯಿ 6 ಪೈಸೆ ಎಂಬುದು ನ್ಯಾಯವಾದ 1 ರೂಪಾಯಿ 8 ಪೈಸೆಗಿಂತ ಇನ್ನೂ ಕಡಿಮೆಯೇ, ಆದ್ದರಿಂದ ಇದು ಎಲ್ಲ ಬಗೆಯಿಂದಲೂ ಒಳ್ಳೆಯ ವ್ಯವಹಾರ. ತೊಂದರೆಯೆಂದರೆ ಅಷ್ಟು ಹಣ ಬರುವುದಿಲ್ಲ. ಬೆಂಗಳೂರಿನ ಅಭಿಮಾನಿ ಎಂಟು ಪೈಸೆಯ ಆಸೆಗೆ ತನ್ನ ತಂಡದ ವಿರುದ್ಧ ಕಟ್ಟುವವನಲ್ಲ, ಲೆಕ್ಕ ಬಲ್ಲವನಿಗೆ 1 ರೂಪಾಯಿ 6 ಪೈಸೆಯಲ್ಲಿ ಇನ್ನೂ ಲಾಭ ಕಾಣುವುದಿಲ್ಲ.

ಹಾಗಾಗಿ ಭಾವವನ್ನು 1 ರೂಪಾಯಿ 25 ಪೈಸೆಯವರೆಗೆ ತಳ್ಳಬೇಕಾಗುತ್ತದೆ. ಆಗ ಪಳಗಿದವರು ಓಡಿ ಬರುತ್ತಾರೆ, ಏಕೆಂದರೆ 1 ರೂಪಾಯಿ 8 ಪೈಸೆಯ ಮಾಲು 1 ರೂಪಾಯಿ 25 ಪೈಸೆಗೆ ಸಿಗುತ್ತಿದೆ. ಸುಮಾರು 5.5 ಲಕ್ಷ ಬಂದರೆ ಪುಸ್ತಕ ಸಮವಾಗುತ್ತದೆ, ಆದರೆ ಯಾರೇ ಗೆದ್ದರೂ ಉಳಿಯುವುದು 19 ಸಾವಿರದ ಸುಮಾರು ಮಾತ್ರ. ಅಂದರೆ ಸರಾಸರಿ 63 ಸಾವಿರ ತರುತ್ತಿದ್ದ ಪುಸ್ತಕದಿಂದ 44 ಸಾವಿರವನ್ನು ಪಳಗಿದ ಪಂಟರುಗಳಿಗೆ ಕೊಟ್ಟು ಅವನು ನಿಶ್ಚಿಂತೆಯನ್ನು ಕೊಂಡಂತಾಯಿತು. ಇದೊಂದು ವಿಮೆ, ಆ 44 ಸಾವಿರ ಅದರ ಕಂತು.

ಈ ವಿಮೆ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಪಂದ್ಯವಲ್ಲ, ಬುಕ್ಕಿಯ ಬಂಡವಾಳ. ಅವನ ಬಳಿ ಒಟ್ಟು 8 ಲಕ್ಷವಿದ್ದು ಒಂದೇ ಸಂಜೆಯಲ್ಲಿ 5.3 ಲಕ್ಷ ಹೋದರೆ ಮರುದಿನ ಅಂಗಡಿ ಮುಚ್ಚುತ್ತದೆ, ಹಾಗಿರುವಾಗ 44 ಸಾವಿರ ದುಬಾರಿಯಲ್ಲ. ಅವನ ಬಳಿ 5 ಕೋಟಿ ಇದ್ದರೆ, ಇಂಥ ಪಂದ್ಯಗಳು ಋತುವಿಡೀ 70ಕ್ಕೂ ಹೆಚ್ಚು ನಡೆಯುವುದರಿಂದ ಒಂದರ ನಷ್ಟ ಇನ್ನೊಂದರಲ್ಲಿ ತುಂಬಿಕೊಳ್ಳುತ್ತದೆ, ಹಾಗಿರುವಾಗ ಪ್ರತಿ ಪಂದ್ಯಕ್ಕೂ ವಿಮೆ ಕೊಳ್ಳುವುದು ದಡ್ಡತನ. ನಡುವಿನ ಬುಕ್ಕಿ ನಡುವಿನ ದಾರಿ ಹಿಡಿಯುತ್ತಾನೆ. ತಾನು ತಾಳಬಲ್ಲ ನಷ್ಟವನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕಿಂತ ಮೇಲಿನ ಬಾಧ್ಯತೆಯನ್ನು ತನಗಿಂತ ದೊಡ್ಡ ಬುಕ್ಕಿಯ ಬಳಿ ಬೆಂಗಳೂರಿನ ಮೇಲೆ ಕಟ್ಟಿ ದಾಟಿಸುತ್ತಾನೆ. ದಂಧೆಯ ಭಾಷೆಯಲ್ಲಿ ಇದಕ್ಕೆ ಕಟಿಂಗ್ ಎನ್ನುತ್ತಾರೆ. ದಾಳಿಯಲ್ಲಿ ಸಿಕ್ಕ ನೋಟ್‌ಬುಕ್ಕಿನಲ್ಲಿ ಬುಕ್ಕಿಯೇ ಬೇರೆಯವರ ಬಳಿ ಕಟ್ಟಿದ ಲೆಕ್ಕ ಕಂಡರೆ ಅವನಿಗೂ ಜೂಜಿನ ಚಟವಿತ್ತೆಂದು ತಿಳಿಯಬೇಕಾಗಿಲ್ಲ.

ಒಬ್ಬನ 50 ಸಾವಿರ, ನೂರು ಜನರ 10 ಲಕ್ಷ

ಇಷ್ಟಾದ ಮೇಲೆ ಚಹಾದಂಗಡಿಯ ಒಗಟಿಗೆ ಬರಬಹುದು. ಮಧ್ಯಾಹ್ನ ಎರಡು ಗಂಟೆಗೆ ಬುಕ್ಕಿಯ ಪುಸ್ತಕದಲ್ಲಿ ಆಗಲೇ ಬೆಂಗಳೂರಿನ ಮೇಲೆ 10 ಲಕ್ಷ ಇದೆ. ಆಗ ಒಬ್ಬ ಪಂಟರ್ ಎದುರಾಳಿಯ ಮೇಲೆ 50 ಸಾವಿರ ಕಟ್ಟುತ್ತಾನೆ. ಈತ ಎರಡು ವರ್ಷಗಳಿಂದ ಕಟ್ಟುತ್ತಿದ್ದು, ಅವನು ಕಟ್ಟಿದ ಮೇಲೆ ಭಾವ ಹೆಚ್ಚು ಕಡಿಮೆ ಯಾವಾಗಲೂ ಅವನ ಕಡೆಗೇ ಸರಿದಿದೆ ಎಂಬುದು ಬುಕ್ಕಿಗೆ ಗೊತ್ತು. ಗೆದ್ದನೋ ಸೋತನೋ ಎಂಬುದಕ್ಕಿಂತ ಪಂದ್ಯ ಶುರುವಾಗುವ ಕ್ಷಣದ ಕೊನೆಯ ಭಾವಕ್ಕಿಂತ ಒಳ್ಳೆಯ ಭಾವವನ್ನು ಅವನು ಪದೇ ಪದೇ ಹಿಡಿದನೇ ಎಂಬುದನ್ನು ವೃತ್ತಿಪರರು ಹೆಚ್ಚು ನೋಡುತ್ತಾರೆ, ಏಕೆಂದರೆ ಹತ್ತಿಪ್ಪತ್ತು ಗೆಲುವು ಅದೃಷ್ಟದಿಂದಲೂ ಬರಬಹುದು.

ಬುಕ್ಕಿ ತಡಮಾಡದೆ ಬೆಂಗಳೂರಿನ ಭಾವವನ್ನು 83ರಿಂದ 92ಕ್ಕೆ ಏರಿಸಿ, ಎದುರಾಳಿಯದನ್ನು 98ರಿಂದ 90ಕ್ಕೆ ಇಳಿಸುತ್ತಾನೆ. ಅಂದರೆ ಪಂದ್ಯ ಈಗ 50ಕ್ಕೆ 50 ಎಂದು ತನ್ನ ಅಂದಾಜನ್ನು ತಿದ್ದಿಕೊಂಡಿದ್ದಾನೆ. ಇದರಿಂದ ಬೆಂಗಳೂರಿನ ಮೇಲೆ ಕಟ್ಟುವುದು ಅಭಿಮಾನಿಗಳಿಗೆ ಇನ್ನಷ್ಟು ಆಕರ್ಷಕವಾಗಿ ಕಾಣುತ್ತದೆ, ಹಣ ಇನ್ನೂ ಹೆಚ್ಚು ಅದೇ ಕಡೆ ಬೀಳುತ್ತದೆ, ಪುಸ್ತಕ ಇನ್ನಷ್ಟು ವಾಲುತ್ತದೆ. ತಕ್ಕಡಿಯ ದೃಷ್ಟಿಯಿಂದ ನೋಡಿದರೆ ಇದು ಹುಚ್ಚುತನ. ಅಪಾಯದ ದೃಷ್ಟಿಯಿಂದ ನೋಡಿದರೆ, ಹಳೆಯ ಭಾವದಲ್ಲೇ ಕುಳಿತಿದ್ದರೆ ಎದುರಾಳಿಯ ಕಡೆ ಇನ್ನೂ ಹತ್ತು ಮಂದಿ ಪಳಗಿದವರು ಬಂದು 98 ಪೈಸೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲದೆ ಬೆಂಗಳೂರಿನ ಸಂಭವ 52ರಿಂದ 50ಕ್ಕೆ ಇಳಿದಿದ್ದರೆ, ಆಗಲೇ ಬರೆದುಕೊಂಡಿರುವ 13 ಲಕ್ಷದ ಪುಸ್ತಕದ ಸರಾಸರಿ ಲಾಭ 63 ಸಾವಿರದಿಂದ 88 ಸಾವಿರಕ್ಕೆ ಏರುತ್ತದೆ. ಪಳಗಿದವನ ಜೊತೆ ಬುಕ್ಕಿಯೂ ಅದೇ ಕಡೆ ನಿಂತಿದ್ದಾನೆ, ಅಭಿಮಾನಿಗಳು ಆಚೆ ನಿಂತಿದ್ದಾರೆ.

ಹೊರಗಿನಿಂದ ನೋಡುವವನಿಗೆ ಕಾಣುವುದು ಇಷ್ಟೇ: ಎಲ್ಲರೂ ಬೆಂಗಳೂರಿನ ಮೇಲೆ ಕಟ್ಟುತ್ತಿದ್ದಾರೆ, ಭಾವ ಮಾತ್ರ ತಿರುಗಿದೆ. ಅದಕ್ಕೆ ಕಾರಣ ಫಿಕ್ಸಿಂಗ್ ಆಗಿರಲೇಬೇಕಿಲ್ಲ. ಬುಕ್ಕಿಯ ಕಣ್ಣಿನಲ್ಲಿ ಎಲ್ಲರ ರೂಪಾಯಿಗೂ ಒಂದೇ ತೂಕವಿಲ್ಲ.

ಅರ್ಥಶಾಸ್ತ್ರಜ್ಞರಲ್ಲೂ ಈ ಬಗ್ಗೆ ಒಂದೇ ಅಭಿಪ್ರಾಯವಿರಲಿಲ್ಲ. ಬುಕ್ಕಿ ಎರಡೂ ಕಡೆಯ ಹಣ ಸಮ ಮಾಡುವ ಮಧ್ಯವರ್ತಿ ಎಂಬುದು ಬಹುಕಾಲದ ಪಾಠವಾಗಿತ್ತು. ಷಿಕಾಗೋ ವಿಶ್ವವಿದ್ಯಾಲಯದ ಸ್ಟೀವನ್ ಲೆವಿಟ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕನ್ ಫುಟ್‌ಬಾಲ್ ಬಾಜಿಗಳಲ್ಲಿ ಹಣ ಸಮವಾಗಿ ಹಂಚಿಕೆಯಾಗುವುದೇ ಇಲ್ಲವೆಂದೂ, ಬುಕ್ಕಿಗಳು ಜನರ ಒಲವನ್ನು ಮೊದಲೇ ಊಹಿಸಿ ಅದರ ಲಾಭ ಪಡೆಯುವಂತೆ ಭಾವ ಇಡುತ್ತಾರೆಂದೂ ತೋರಿಸಿದರು. ಅದಕ್ಕೂ ಒಂದು ಎಲ್ಲೆಯಿದೆ. ಜನರ ಒಲವಿಗೆ ತಕ್ಕಂತೆ ಭಾವವನ್ನು ತಿರುಚುತ್ತಾ ಹೋದರೆ ಇನ್ನೊಂದು ಕಡೆಯ ಭಾವ ನ್ಯಾಯವಾದುದಕ್ಕಿಂತ ಮೇಲೆ ಹೋಗಿ ಪಳಗಿದವರಿಗೆ ಬಾಗಿಲು ತೆರೆಯುತ್ತದೆ. 52ಕ್ಕೆ 48ರ ಉದಾಹರಣೆಯಲ್ಲಿ ಆ ಎಲ್ಲೆ 1 ರೂಪಾಯಿ 8 ಪೈಸೆ. ಮಾರ್ಜಿನ್ ದಪ್ಪವಿದ್ದಷ್ಟೂ ತಿರುಚಲು ಜಾಗ ಹೆಚ್ಚು.

1996ರ ಆಸ್ಕಟ್: ಭಾವವೇ ಸುಳ್ಳಾದ ದಿನ

ಇದಕ್ಕೆ ತದ್ವಿರುದ್ಧವಾಗಿ, ಸಂಭವದಲ್ಲಿ ಏನೂ ಬದಲಾಗದೆ ಕೇವಲ ಬಾಧ್ಯತೆಯ ಭಯದಿಂದ ಭಾವ ಕುಸಿದದ್ದೂ ಉಂಟು. ಅದರ ಅತ್ಯಂತ ಸ್ಪಷ್ಟ ನಿದರ್ಶನ ಇಂಗ್ಲೆಂಡಿನ ಆಸ್ಕಟ್ ರೇಸ್ ಮೈದಾನದಲ್ಲಿ 1996ರ ಸೆಪ್ಟೆಂಬರ್ 28ರಂದು ನಡೆಯಿತು. ಫ್ರಾಂಕಿ ಡೆಟ್ಟೋರಿ ಎಂಬ ಜಾಕಿ ಆ ದಿನದ ಏಳು ಓಟಗಳಲ್ಲೂ ಸವಾರಿ ಮಾಡಿ, ಮೊದಲ ಆರನ್ನೂ ಗೆದ್ದರು. ಏಳನೆಯದರಲ್ಲಿ ಅವರ ಕುದುರೆ ಫುಜಿಯಾಮಾ ಕ್ರೆಸ್ಟ್. ಅದು ಎಲ್ಲಕ್ಕಿಂತ ಹೆಚ್ಚು ಭಾರ ಹೊರಬೇಕಿತ್ತು, ಬೆಳಿಗ್ಗೆ ಅದರ ಭಾವ 12ಕ್ಕೆ 1 ಇತ್ತು, ಅಂದರೆ 1 ಪೌಂಡ್ ಕಟ್ಟಿ ಗೆದ್ದವನಿಗೆ ಆ ಪೌಂಡಿನ ಜೊತೆಗೆ 12 ಪೌಂಡ್.

ಡೆಟ್ಟೋರಿಯ ಅಭಿಮಾನಿಗಳಲ್ಲಿ ಅನೇಕರು ಏಳೂ ಓಟಗಳನ್ನು ಒಂದೇ ಸರಪಳಿಯಾಗಿ ಕಟ್ಟಿದ್ದರು, ಅಂದರೆ ಒಂದರಲ್ಲಿ ಗೆದ್ದದ್ದೆಲ್ಲ ತಾನಾಗಿಯೇ ಮುಂದಿನದರ ಮೇಲೆ ಬೀಳುವ ಬಾಜಿ. ಓಟ ಶುರುವಾಗುವ ಹೊತ್ತಿನ ಮೈದಾನದ ಭಾವದಲ್ಲಿ ಲೆಕ್ಕ ಹಾಕಿದರೆ, ಬೆಳಿಗ್ಗೆ ಕಟ್ಟಿದ 1 ಪೌಂಡ್ ಆರು ಗೆಲುವುಗಳ ನಂತರ ಸುಮಾರು 8,365 ಪೌಂಡ್ ಆಗಿ ಫುಜಿಯಾಮಾ ಕ್ರೆಸ್ಟ್ ಮೇಲೆ ಕುಳಿತಿತ್ತು. ದೇಶದ ಮೂಲೆಮೂಲೆಯ ಬಾಜಿ ಅಂಗಡಿಗಳಲ್ಲಿ ಹರಡಿಹೋಗಿದ್ದ ಸಣ್ಣಪುಟ್ಟ ಚೀಟಿಗಳೆಲ್ಲ ಒಂದೇ ಕುದುರೆಯ ಮೇಲಿನ ಬೃಹತ್ ಬಾಧ್ಯತೆಯಾಗಿ ಬೆಳೆದಿದ್ದವು.

ಇಂಥ ಚೀಟಿಗಳಲ್ಲಿ ಹೆಚ್ಚಿನವುಗಳ ಪಾವತಿಯನ್ನು ನಿರ್ಧರಿಸುವುದು ಓಟ ಶುರುವಾಗುವಾಗ ಮೈದಾನದಲ್ಲಿ ಇದ್ದ ಭಾವ. ಅದು 12ಕ್ಕೆ 1 ಇದ್ದರೆ ಪ್ರತಿ ಪೌಂಡಿಗೆ ಸುಮಾರು 1,08,750 ಪೌಂಡ್, 2ಕ್ಕೆ 1 ಆದರೆ ಸುಮಾರು 25,096 ಪೌಂಡ್ ಕೊಡಬೇಕು. ಆದ್ದರಿಂದ ದೊಡ್ಡ ಕಂಪನಿಗಳು ಮೈದಾನಕ್ಕೆ ಹಣ ಸುರಿದು ಅದೇ ಕುದುರೆಯ ಮೇಲೆ ಕಟ್ಟತೊಡಗಿದವು. ಇದರಿಂದ ಎರಡು ಕೆಲಸವಾಗುತ್ತಿತ್ತು. ಆ ಬಾಜಿ ಗೆದ್ದರೆ ಬಂದ ಹಣ ನಷ್ಟಕ್ಕೆ ಜಮೆಯಾಗುತ್ತಿತ್ತು, ಅದಕ್ಕಿಂತ ಮುಖ್ಯವಾಗಿ ಮೈದಾನದ ಭಾವವೇ ಕುಸಿಯುತ್ತಿತ್ತು. ಓಟದ ಹೊತ್ತಿಗೆ ಭಾವ 2ಕ್ಕೆ 1 ಆಗಿತ್ತು. ಕುದುರೆ ಬೆಳಿಗ್ಗೆ ಇದ್ದದ್ದೇ, ಹೊತ್ತ ಭಾರವೂ ಅದೇ.

ಮೈದಾನದ ಕೆಲವು ಬುಕ್ಕಿಗಳಿಗೆ ಇದು ಸುಳ್ಳು ಭಾವವೆಂದು ಕಂಡಿತು, ಕಂಡದ್ದು ಸರಿಯಾಗಿಯೇ ಇತ್ತು. ಗ್ಯಾರಿ ವಿಲ್ಟ್‌ಶೈರ್ ಎಂಬವರು ಈ ಭಾವಕ್ಕೆ ಬಂದ ಹಣವನ್ನೆಲ್ಲ ಬರೆದುಕೊಳ್ಳುತ್ತಾ ಹೋದರು. ಫುಜಿಯಾಮಾ ಕ್ರೆಸ್ಟ್ ಗೆದ್ದಿತು. ವಿಲ್ಟ್‌ಶೈರ್ ವರ್ಷಗಟ್ಟಲೆ ತೀರಿಸಬೇಕಾದ ಸಾಲಕ್ಕೆ ಬಿದ್ದರು. ಒಟ್ಟಾರೆ ಬುಕ್ಕಿಗಳ ನಷ್ಟ 3ರಿಂದ 4 ಕೋಟಿ ಪೌಂಡ್ ಎಂದು ಆಗ ಅಂದಾಜಿಸಲಾಗಿತ್ತು, ಆದರೆ ದೊಡ್ಡ ಕಂಪನಿಗಳು ಉಳಿದುಕೊಂಡವು. ವಿಲ್ಟ್‌ಶೈರ್ ಭಾವದ ಬಗ್ಗೆ ತಪ್ಪಲಿಲ್ಲ, ತಮ್ಮ ಬಂಡವಾಳ ತಾಳುವ ಬಾಧ್ಯತೆಯ ಬಗ್ಗೆ ತಪ್ಪಿದರು. ಕಂಪನಿಗಳು ಸುಳ್ಳು ಭಾವ ಕೊಂಡವು, ಆದರೆ ಅವುಗಳ ಪಾಲಿಗೆ ಅದು ಅಗ್ಗದ ವಿಮೆಯಾಗಿತ್ತು.

ಬಾಗಲಕೋಟೆಯ ಬಜಾರಿನಲ್ಲಿ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬ ಗೋದಾಮು ತುಂಬಿ ಹೋಗಿ ಕೊಳೆಯುವ ಭಯಕ್ಕೆ ಭಾವ ಇಳಿಸಿದರೆ, ಅದರಿಂದ ಈ ವರ್ಷದ ಬೆಳೆಯ ಅಂದಾಜು ಮಾಡಲಾಗದು. ಆ ಭಾವ ಹೇಳುವುದು ಅವನ ಗೋದಾಮಿನ ಸ್ಥಿತಿಯನ್ನು. ಆಸ್ಕಟ್‌ನ 2ಕ್ಕೆ 1 ಕೂಡ ಅಂಥದೇ ಭಾವ.

ಭಾವ ಕದಲಿಸಲಾಗದ ದಂಧೆ: ಮಟ್ಕಾ

ನಮ್ಮ ಭಾಗಕ್ಕೆ ಇನ್ನೂ ಹಳೆಯ ಪರಿಚಯವಿರುವ ಓ.ಸಿ. ಮಟ್ಕಾದಲ್ಲಿ ಬುಕ್ಕಿಗೆ ಈ ಸ್ವಾತಂತ್ರ್ಯವೇ ಇಲ್ಲ. ಮಟ್ಕಾ ಪ್ರಕರಣಗಳ ವರದಿಗಳಲ್ಲಿ ಮೇಲಿಂದ ಮೇಲೆ ಕಾಣುವ ಒಂದು ವಾಕ್ಯವಿದೆ: 1 ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಹೇಳಿ ನಂಬರ್ ಬರೆದುಕೊಳ್ಳುತ್ತಿದ್ದ. ಎರಡಂಕಿಯ ಜೋಡಿಗಳು 00ಯಿಂದ 99ರವರೆಗೆ ನೂರು, ಗೆದ್ದವನಿಗೆ ಸಿಗುವುದು 80, ಆದ್ದರಿಂದ ನೂರಕ್ಕೆ 20 ಬುಕ್ಕಿಯ ಪಾಲು. ಕ್ರಿಕೆಟ್‌ನಲ್ಲಿ ಕನಸಿನಲ್ಲೂ ಕಾಣದ ಮಾರ್ಜಿನ್ ಇದು.

ಆದರೆ 80 ಎಂಬುದು ಊರೆಲ್ಲ ಬಲ್ಲ ಸ್ಥಿರ ಭಾವ. ಹಬ್ಬದ ದಿನಾಂಕವೋ ಅಪಘಾತವಾದ ವಾಹನದ ಸಂಖ್ಯೆಯೋ ಜನರ ತಲೆ ಹೊಕ್ಕು ಎಲ್ಲರೂ ಒಂದೇ ಜೋಡಿಗೆ ಮುಗಿಬಿದ್ದಾಗ, ಆ ಜೋಡಿಗೆ ಮಾತ್ರ 60 ಕೊಡುತ್ತೇನೆ ಎನ್ನಲು ಬರುವುದಿಲ್ಲ. ಅಂಥ ಜೋಡಿಯ ಮೇಲೆ 20 ಸಾವಿರ ಬಿದ್ದು ಅದೇ ನಂಬರ್ ಬಂದರೆ 16 ಲಕ್ಷ ಹೋಗುತ್ತದೆ. ಹಾಗಾಗಿ ಅವನಿಗೆ ಉಳಿಯುವ ದಾರಿ ಎರಡೇ. ಒಂದು ಮೊತ್ತದ ಆಚೆಗೆ ಆ ನಂಬರ್ ಬರೆದುಕೊಳ್ಳಲು ನಿರಾಕರಿಸುವುದು, ಇಲ್ಲವೇ ಹೆಚ್ಚುವರಿಯನ್ನು ಮೇಲಿನವನಿಗೆ ದಾಟಿಸುವುದು. ಈ ದಾಟಿಸುವಿಕೆಗೆ ಮಟ್ಕಾದವರು ಉತಾರ ಎನ್ನುತ್ತಾರೆ. ಚೀಟಿ ಬರೆಯುವವನಿಂದ ಪಟ್ಟಣದ ಬುಕ್ಕಿಗೆ, ಅಲ್ಲಿಂದ ಇನ್ನೂ ದೊಡ್ಡವನಿಗೆ ಹೀಗೆ ಏಣಿಯಂತೆ ದಂಧೆ ಹಬ್ಬಿರುವುದಕ್ಕೆ ಒಂದು ಮುಖ್ಯ ಕಾರಣ ಕದಲದ ಈ ಭಾವ. ಕೆಳಗಿನವನನ್ನು ಹಿಡಿದು ಪ್ರಕರಣ ದಾಖಲಿಸಿದರೆ ಏಣಿಯ ಒಂದು ಮೆಟ್ಟಿಲು ಮುರಿಯುತ್ತದೆ, ಬಾಧ್ಯತೆ ಹೋಗಿ ನಿಲ್ಲುವ ಜಾಗ ಮೇಲೆಯೇ ಉಳಿಯುತ್ತದೆ.

ನಿಷೇಧದ ನಂತರ

ಕ್ರಿಕೆಟ್ ಸುಧಾರಣೆಗಾಗಿ ನೇಮಕವಾದ ಲೋಧಾ ಸಮಿತಿ 2016ರಲ್ಲಿ ಕ್ರಿಕೆಟ್ ಬಾಜಿಯನ್ನು ಕಾನೂನಿನ ಚೌಕಟ್ಟಿಗೆ ತರುವಂತೆ ಶಿಫಾರಸು ಮಾಡಿತ್ತು, 2018ರಲ್ಲಿ ಕಾನೂನು ಆಯೋಗವೂ ನಿಷೇಧ ಸಾಧ್ಯವಾಗದಿದ್ದರೆ ನಿಯಂತ್ರಣವೇ ದಾರಿ ಎಂಬರ್ಥದ ವರದಿ ನೀಡಿತ್ತು. ಸಂಸತ್ತು ಹಿಡಿದದ್ದು ವಿರುದ್ಧ ದಾರಿ. 2025ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಅವನ್ನು ನಡೆಸುವವರಿಗೆ 3 ವರ್ಷದವರೆಗಿನ ಜೈಲು ಮತ್ತು 1 ಕೋಟಿ ರೂಪಾಯಿವರೆಗಿನ ದಂಡ ವಿಧಿಸುತ್ತದೆ. ಊರೊಳಗಿನ ಚೀಟಿ, ನೋಟ್‌ಬುಕ್ಕಿನ ದಂಧೆಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಮೊದಲಿನಿಂದಲೂ ಇದೆ.

ನಿಷೇಧದ ಪರ ಇರುವವರ ವಾದ ಸರಳ ಮತ್ತು ತೂಕದ್ದು: ಆಪ್ ಜೇಬಿನಲ್ಲೇ ಇದ್ದರೆ ಕಟ್ಟುವವರ ಸಂಖ್ಯೆ ಬೆಳೆಯುತ್ತದೆ, ಮನೆಗಳು ಹಾಳಾಗುತ್ತವೆ. ಇನ್ನೊಂದು ವಾದದವರು ಪರವಾನಗಿ ಇರುವ ಬುಕ್ಕಿಯ ಬಂಡವಾಳವನ್ನೂ ಪಾವತಿ ಸಾಮರ್ಥ್ಯವನ್ನೂ ಪರೀಕ್ಷಿಸಬಹುದು ಎನ್ನುತ್ತಾರೆ. ಎರಡನೆಯ ವಾದದಲ್ಲಿ ಹುರುಳಿದ್ದರೂ ಅದು ಹೇಳದೆ ಬಿಡುವ ಸಂಗತಿಯೊಂದಿದೆ. ಪರವಾನಗಿ ಇರುವ ದೇಶಗಳಲ್ಲೂ ಸತತವಾಗಿ ಗೆಲ್ಲುವವರ ಖಾತೆಗೆ ಅನೇಕ ಕಂಪನಿಗಳು ಚಿಲ್ಲರೆ ಮೊತ್ತದ ಮಿತಿ ಹಾಕುತ್ತವೆ. ಬುಕ್ಕಿಯ ಅಪಾಯ ನಿರ್ವಹಣೆ ಅಲ್ಲಿ ನಯವಾಗಿ ನಡೆಯುತ್ತದೆ, ಆದರೆ ಯಾರ ಪರವಾಗಿ ಎಂಬುದರಲ್ಲಿ ವ್ಯತ್ಯಾಸವಿಲ್ಲ.

ಮೇಲಿನ ಲೆಕ್ಕದಿಂದ ಒಂದು ಪರಿಣಾಮವನ್ನು ಊಹಿಸಬಹುದು. ದೊಡ್ಡ ಬಂಡವಾಳದ ಆಪ್‌ಗಳು ಹಿಂದೆ ಸರಿದು ಹಣದ ಒಂದು ಭಾಗ ಸ್ಥಳೀಯ ಬುಕ್ಕಿಗಳ ಕಡೆ ತಿರುಗಿದರೆ, 5 ಕೋಟಿಯವನು ಹೊರಬೇಕಾದ ವಾಲಿದ ಪುಸ್ತಕವನ್ನು 8 ಲಕ್ಷದವನು ಹೊರಬೇಕಾಗುತ್ತದೆ. ಅವನು ಹೆಚ್ಚು ಕಟಿಂಗ್ ಮಾಡುತ್ತಾನೆ, ಮಾರ್ಜಿನ್ ದಪ್ಪ ಮಾಡುತ್ತಾನೆ, ಮೇಲಿನವನು ಕೈಯೆತ್ತಿದ ದಿನ ಊರು ಬಿಡುತ್ತಾನೆ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರು ಅಸಿಂಧು, ಆದ್ದರಿಂದ ಗೆದ್ದವನು ಬಾಕಿ ಕೇಳಿಕೊಂಡು ಕೋರ್ಟಿಗೆ ಹೋಗುವಂತೆಯೂ ಇಲ್ಲ. ಬುಕ್ಕಿಯ ಬಾಧ್ಯತೆ ಕೊನೆಗೆ ಪಂಟರನ ತಲೆಗೇ ಬಂದು ನಿಲ್ಲುತ್ತದೆ.

ಭಾವ ಏಕೆ ಕದಲಿತು ಎಂದು ತಿಳಿಯುವುದು

ಒಂದೇ ಬುಕ್ಕಿಯ ಭಾವವನ್ನು ನೋಡಿ ಕಾರಣ ಹೇಳಲಾಗುವುದಿಲ್ಲ, ಹೋಲಿಸಿ ನೋಡಬೇಕು. ಬೆಳಗಾವಿಯ ಭಾವ ಮಾತ್ರ ಬದಲಾಗಿ ಮುಂಬೈಯದೂ ಲಂಡನ್ನಿನದೂ ಹಾಗೆಯೇ ಇದ್ದರೆ, ಬೆಳಗಾವಿಯ ಪುಸ್ತಕ ವಾಲಿದೆ ಎಂದಷ್ಟೇ ಅರ್ಥ. ದೊಡ್ಡ ಮಿತಿಯ ಬಾಜಿಕಟ್ಟೆಗಳಲ್ಲಿ ಮೊದಲು ಬದಲಾಗಿ, ಆಮೇಲೆ ಕೆಲವೇ ನಿಮಿಷಗಳಲ್ಲಿ ಎಲ್ಲೆಡೆ ಬದಲಾದರೆ ಅಲ್ಲಿ ಮಾಹಿತಿ ಇದೆ, ಮತ್ತು ಬಹುಪಾಲು ಸಲ ಆ ಮಾಹಿತಿ ಟಾಸ್, ಪಿಚ್ಚು, ಗಾಯ ಇವುಗಳಲ್ಲೊಂದಾಗಿ ಸ್ವಲ್ಪ ಹೊತ್ತಿಗೆ ಹೊರಬೀಳುತ್ತದೆ. ಎಲ್ಲೆಡೆ ಬದಲಾಗಿಯೂ ಮೈದಾನದಲ್ಲಾಗಲಿ ತಂಡದಲ್ಲಾಗಲಿ ಏನೊಂದು ಕಾರಣವೂ ಕಾಣದಿದ್ದರೆ ಮಾತ್ರ ತನಿಖೆಗೆ ಎಡೆಯುಂಟು. ಪಂದ್ಯಗಳ ಪ್ರಾಮಾಣಿಕತೆಯ ಮೇಲೆ ಕಣ್ಣಿಡುವ ಸ್ಪೋರ್ಟ್‌ರಾಡಾರ್‌ನಂಥ ಸಂಸ್ಥೆಗಳು ಹಲವಾರು ಬುಕ್ಕಿಗಳ ಭಾವಗಳನ್ನು ಪಕ್ಕಪಕ್ಕಕ್ಕಿಟ್ಟು ನೋಡುವುದು ಇದೇ ಕಾರಣಕ್ಕೆ. ದಾಳಿಯಲ್ಲಿ ಸಿಕ್ಕ ಒಂದು ನೋಟ್‌ಬುಕ್ಕಿನಿಂದ ತಿಳಿಯುವುದು ಅದನ್ನು ಬರೆದವನು ಆ ರಾತ್ರಿ ಎಷ್ಟು ಕಳೆದುಕೊಳ್ಳಲು ಸಿದ್ಧನಿದ್ದ ಎಂಬುದು. ಅಂದಿನ ಪಂದ್ಯದಲ್ಲಿ ಏನು ನಡೆಯಿತು ಎಂಬುದಕ್ಕೆ ಅದರಲ್ಲಿ ಸಾಕ್ಷ್ಯವಿರುವುದು ಅಪರೂಪ.